‘ಅವರು’ ಅಂದ್ರೆ ಯಾರು?

ಇಂಗ್ಲಿಷಿನಲ್ಲಿ ಒಬ್ಬರ ಬಗ್ಗೆ ಹೇಳುವಾಗಲೂ ‘ದೇ’ ಅನ್ನುವುದುಂಟು. ಗಂಡೋ ಹೆಣ್ಣೋ ಗೊತ್ತಿಲ್ಲದಾಗ, ಗೊತ್ತಾಗುವ ಅಗತ್ಯ ಇಲ್ಲದಾಗ, ಇಲ್ಲವೇ ಆ ವ್ಯಕ್ತಿಯೇ ‘ನನ್ನನ್ನು ಹಾಗೇ ಕರೆಯಿರಿ’ ಅಂದಾಗ. ಕನ್ನಡಕ್ಕೆ ತರುವಾಗ ಹತ್ತರಲ್ಲಿ ಒಂಬತ್ತು ಜನ ಹೇಳೋದು ಒಂದೇ: ‘ಅವರು’ ಅಂತ ಹಾಕಿ, ಮುಗೀತು. ನನಗೆ ಅಲ್ಲೇ ತಕರಾರು.

‘ಅವರು’ ಒಂದೇ ಪದವಾದರೂ ಹೊರುವುದು ಎರಡು ಹೊರೆ. ಒಂದು ಬಹುವಚನ, ಇನ್ನೊಂದು ಗೌರವ. ಕಾರ್ಖಾನೆಯೊಂದರ ಸೂಚನೆಯಲ್ಲಿ ಹೀಗೊಂದು ವಾಕ್ಯ ಬಂತು ಅಂದುಕೊಳ್ಳಿ: ‘ಕಾರ್ಮಿಕನು ಮೇಲ್ವಿಚಾರಕರ ವಿರುದ್ಧ ದೂರು ನೀಡಿದರೆ ಅವರ ಹೆಸರನ್ನು ಬಹಿರಂಗಪಡಿಸುವುದಿಲ್ಲ.’ ಯಾರ ಹೆಸರು? ಇಂಗ್ಲಿಷಿನ ಮೂಲದಲ್ಲಿ ಉದ್ದೇಶ ದೂರು ಕೊಟ್ಟವರನ್ನು ಕಾಪಾಡುವುದು. ಕನ್ನಡದಲ್ಲಿ ಓದುವಾಗ ಕಾರ್ಮಿಕ ‘ನು’, ಮೇಲ್ವಿಚಾರಕ ‘ರು’. ಗೌರವ ಯಾರಿಗಿದೆಯೋ ‘ಅವರ’ ಅನ್ನುವುದು ತಾನಾಗಿ ಅತ್ತ ಹೋಗಿ ಅಂಟಿಕೊಳ್ಳುತ್ತದೆ. ಅಲ್ಲಿ ಕೆಲಸ ಮಾಡೋ ಹೆಣ್ಣುಮಗಳು ಅದನ್ನು ಓದಿದರೆ ತಿಳಿಯೋದು ಇಷ್ಟು: ‘ಕಾರ್ಮಿಕನು’ ನಾನಲ್ಲ, ಮುಚ್ಚಿಡೋದು ಸಾಹೇಬರ ಹೆಸರು. ಆಕೆ ದೂರು ಕೊಡುತ್ತಾಳೆಯೇ?

ಇಲ್ಲಿ ಸರ್ವನಾಮವನ್ನು ಹುಡುಕುತ್ತ ಕೂರುವುದೇ ತಪ್ಪು ದಾರಿ. ‘ಮೇಲ್ವಿಚಾರಕರ ಮೇಲೆ ದೂರು ಕೊಟ್ಟವರ ಹೆಸರನ್ನು ಯಾರಿಗೂ ಹೇಳುವುದಿಲ್ಲ’ ಅಂದರೆ ಆಯಿತು. ‘ಕೊಟ್ಟವರು’, ‘ಬಂದವರು’, ‘ನೋಡಿದವರು’ ಇಂಥ ರೂಪಗಳು ಏನು ಮಾಡಿದರು ಅನ್ನೋದರ ಮೇಲೆ ಮನುಷ್ಯರನ್ನು ಗುರುತಿಸುತ್ತವೆ, ಹಾಗಾಗಿ ಗೊಂದಲ ಇಲ್ಲ. ಇನ್ನೊಂದು ಅನುಕೂಲವೂ ಉಂಟು. ನಮ್ಮ ಕ್ರಿಯಾಪದದ ತುದಿ ‘ಬಂದನು, ಬಂದಳು’ ಅಂತ ಗಂಡುಹೆಣ್ಣು ತೋರಿಸುತ್ತದೆ, ನಿಜ. ಆದರೆ ‘ಬರಬೇಕು’, ‘ಬರಬಹುದು’, ‘ಬರಲಿ’, ‘ಬರಲಿಲ್ಲ’ ಇವು ತೋರಿಸುವುದಿಲ್ಲ. ನಿಯಮ, ಸೂಚನೆ, ಅರ್ಜಿಗಳಲ್ಲಿ ಬರುವುದು ಹೆಚ್ಚಾಗಿ ಇವೇ. ‘ಪ್ರತಿಯೊಬ್ಬರೂ ತಮ್ಮ ಗುರುತಿನ ಚೀಟಿ ತರಬೇಕು.’ ಇಲ್ಲಿ ಯಾರಿಗೂ ಇರಿಸುಮುರಿಸಿಲ್ಲ. ‘ಶಿಕ್ಷಕನು/ಶಿಕ್ಷಕಿಯು ತನ್ನ ತರಗತಿಗೆ ಬರುತ್ತಾನೆ/ಳೆ’ ಅನ್ನುವ ಗೆರೆ ಹೊಡೆದ ಬರಹವನ್ನು ಮಾತ್ರ ದಯವಿಟ್ಟು ಒಮ್ಮೆ ಗಟ್ಟಿಯಾಗಿ ಓದಿ ನೋಡಿ.

ಕೆಲಸದ ಹೆಸರುಗಳದು ಬೇರೆ ಕಥೆ. ಇಂಗ್ಲಿಷಿನವರು ‘ಚೇರ್‌ಮನ್’ ಬಿಟ್ಟು ‘ಚೇರ್‌ಪರ್ಸನ್’ ಅಂದರು ಅಂತ ನಾವು ‘ಅಧ್ಯಕ್ಷ ವ್ಯಕ್ತಿ’ ಅನ್ನಬೇಕಾಗಿಲ್ಲ. ‘ಅಧ್ಯಕ್ಷರು’ ಸಾಕು. ಅಧಿಕಾರಿ, ಕಾರ್ಯದರ್ಶಿ ಇವಕ್ಕೆ ಮೊದಲೇ ಭೇದ ಇಲ್ಲ. ಇದಕ್ಕಿಂತ ಹಳೆಯ ಉಪಾಯ ನಮ್ಮ ಮಗ್ಗುಲಲ್ಲೇ ಇದೆ. ನಾರಾಯಣಪುರದಿಂದ ಕಲ್ಯಾಣ ಎಷ್ಟು ದೂರ? ಹನ್ನೆರಡನೇ ಶತಮಾನದ ಶರಣರಲ್ಲಿ ಆಯ್ದಕ್ಕಿ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ ಗಂಡಹೆಂಡಿರು. ಮೋಳಿಗೆ ಮಾರಯ್ಯ, ಮೋಳಿಗೆ ಮಹಾದೇವಿಯೂ ಹಾಗೇ. ‘ಆಯ್ದಕ್ಕಿ’ ಅಂದರೆ ಆಯ್ದ ಅಕ್ಕಿ, ‘ಮೋಳಿಗೆ’ ಅಂದರೆ ಕಟ್ಟಿಗೆಯ ಹೊರೆ. ಪದ ಕಾಯಕದ್ದು, ಮಾಡುವವರದ್ದಲ್ಲ. ಅದಕ್ಕೇ ಇಬ್ಬರಿಗೂ ಒಂದೇ ಹೆಸರು ಒಪ್ಪಿತು. ಅವರ ಸಾಲಿನವರನ್ನು ಪುಸ್ತಕಗಳಲ್ಲಿ ‘ವಚನಕಾರ’, ‘ವಚನಕಾರ್ತಿ’ ಅಂತ ಬೇರೆ ಮಾಡಿಟ್ಟದ್ದು ನಾವು!

ಹಾಗಂತ ಎಲ್ಲ ಕಡೆ ಭೇದ ಅಳಿಸುವುದನ್ನೂ ನಾನು ಒಪ್ಪೋದಿಲ್ಲ. ಅಂಗನವಾಡಿಯವರನ್ನು ‘ಕಾರ್ಯಕರ್ತರು’ ಅಂತ ಬರೆದರೆ ವ್ಯಾಕರಣಕ್ಕೆ ಸರಿ, ಸತ್ಯಕ್ಕೆ ಕೊರತೆ. ಆ ಕೆಲಸಕ್ಕೆ ತೆಗೆದುಕೊಳ್ಳೋದು ಹೆಂಗಸರನ್ನೇ, ಕೊಡೋದು ಸಂಬಳ ಅಲ್ಲ, ಗೌರವಧನ. ಈ ಎರಡಕ್ಕೂ ನಂಟಿದೆ ಅಂತ ನನಗನಿಸುತ್ತದೆ. ‘ಕಾರ್ಯಕರ್ತೆ’ ಅಂದಾಗ ಆ ನಂಟು ಕಾಣುತ್ತದೆ, ‘ಕಾರ್ಯಕರ್ತರು’ ಅಂದಾಗ ಮರೆಯಾಗುತ್ತದೆ. ಇಂಗ್ಲಿಷಿನಲ್ಲಿ ‘ವರ್ಕರ್’ ಇದೆ ಅನ್ನುವುದಷ್ಟೇ ಕಾರಣವಾಗಬಾರದು.

ಎಲ್ಲಕ್ಕಿಂತ ಕಷ್ಟ, ಗಂಡೂ ಬೇಡ ಹೆಣ್ಣೂ ಬೇಡ ಅಂತ ತಾವೇ ‘ದೇ’ ಆರಿಸಿಕೊಂಡವರ ಕಥೆ ಅನುವಾದಿಸುವುದು. ‘ಅವರು’ ಹಾಕಿದರೆ ಓದುಗರು ಯಾರೋ ಹಿರಿಯರು ಅಂದುಕೊಂಡು ಮುಂದೆ ಹೋಗುತ್ತಾರೆ, ಆ ಆಯ್ಕೆ ಯಾರಿಗೂ ಕಾಣೋದೇ ಇಲ್ಲ. ಹಾಗಾಗಿ ಮೊದಲ ಪುಟದಲ್ಲೇ ಒಂದು ವಾಕ್ಯದಲ್ಲಿ ವಿಷಯ ಹೇಳಿಬಿಡಬೇಕು. ‘ಅದು’ ಮಾತ್ರ ಕೂಡದು. ಬಸ್‌ಸ್ಟ್ಯಾಂಡಿನಲ್ಲಿ ಚಪ್ಪಾಳೆ ತಟ್ಟುವವರನ್ನು ‘ಅದು ಬಂತು ನೋಡು’ ಅನ್ನುವ ದನಿಯನ್ನು ನಾವೆಲ್ಲ ಕೇಳಿದ್ದೇವೆ.

ಅದೇ ಕಥೆಯಲ್ಲಿ ತಾಯಿ ಮಾತಾಡಿದರೆ? ಹಡೆದವ್ವನ ಬಾಯಲ್ಲಿ ‘ಅವರು ಇನ್ನೂ ಬಂದಿಲ್ಲ’ ಅನಿಸಿದರೆ ಮಗು ಬೀಗರಾಗಿಬಿಡುತ್ತದೆ. ನಮ್ಮ ಕಡೆ ತಾಯಿ ಹಾಗನ್ನೋದಿಲ್ಲ. ‘ನನ್ನ ಕೂಸು ಇನ್ನಾ ಮನಿಗಿ ಬಂದಿಲ್ಲ’ ಅಂತಾಳೆ. ‘ಅಂವ’ ಇಲ್ಲ, ‘ಅಕಿ’ ಇಲ್ಲ, ‘ಬಂದಿಲ್ಲ’ದ ತುದಿಯಲ್ಲೂ ಏನೂ ಇಲ್ಲ. ನಾನಾದರೆ ಹಾಗೇ ಬರೀತೀನಿ.