ತೂಬಿನ ಹತ್ತಿರ, ಗುರುವಾರ

ಸೊರಬ-ಶಿಕಾರಿಪುರ ಸೀಮೆಯಲ್ಲಿ ಕೆರೆ ಸೋರುವುದು ಸುದ್ದಿಯಲ್ಲ. ಊರೂರಿಗೂ ಕೆರೆಯಿದ್ದ ಮೇಲೆ ಯಾವುದಾದರೂ ಒಂದು ಸೋರುತ್ತಲೇ ಇರುತ್ತದೆ. ಹಿಂದೊಮ್ಮೆ ನಾನು ಇಂಥದೇ ವಿಷಯಕ್ಕೆ ವರದಿಗಾರರೊಬ್ಬರಿಗೆ ಎರಡು ಪುಟ ಬರೆದಿದ್ದೆ. ಕೆರೆ ಕಟ್ಟಿಸಿದ ಅರಸರಿಂದಲೇ ಶುರು. ತೂಬು ಬಂದದ್ದು ಎರಡನೇ ಪುಟದ ಕೊನೆಗೆ. ಉತ್ತರ ಬರಲಿಲ್ಲ; ಬರಬೇಕಾಗಿಯೂ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಹೊಸಬಾಳೆ ಕಡೆಯ ಒಬ್ಬ ರೈತರು ಅದನ್ನೇ ಇಂದು ವಾಟ್ಸಾಪಿನಲ್ಲಿ ಬರೆಯುತ್ತಾರೆ ಎಂದುಕೊಳ್ಳಿ. ಇಷ್ಟು ಸಾಕು:

"ನಮಸ್ಕಾರ ಸಾರ್. ಬೇಸಿಗೆಯಲ್ಲಿ ರಿಪೇರಿಯಾದ ನಮ್ಮ ಕೆರೆಯ ತೂಬು ಬಾಗಿಲು ಹಾಕಿದರೂ ಸೋರುತ್ತಿದೆ. ನೀರಿನಂಚಿಗೆ ಗೂಟ ಹೊಡೆದು ನೋಡಿದೆವು, ಒಂದೇ ರಾತ್ರಿಗೆ ನಾಲ್ಕು ಬೆರಳು ಇಳಿದಿದೆ. ಭತ್ತ ಈಗ ತೆನೆ ಕಟ್ಟುವ ಹೊತ್ತು. ಕಾಮಗಾರಿಯ ಬಿಲ್ಲಿನ ಪ್ರತಿ ಮಾಹಿತಿ ಹಕ್ಕಿನಲ್ಲಿ ಸಿಕ್ಕಿದೆ. ಬುಧವಾರ ಬೆಳಿಗ್ಗೆ 8ರಿಂದ 10, ಇಲ್ಲವೇ ಗುರುವಾರ 11ರಿಂದ 1ರವರೆಗೆ ತೂಬಿನ ಹತ್ತಿರ ಸಿಗುತ್ತೇನೆ. ಸೊರಬದಲ್ಲೇ ಅನುಕೂಲವೆಂದರೆ ಕಾಗದ ಹಿಡಿದು ಶನಿವಾರ ನಾನೇ ಬರುತ್ತೇನೆ."

ಸೋರುವುದು ಹಳತು, ರಿಪೇರಿಯಾದ ಮೇಲೂ ಸೋರುವುದು ಹೊಸತು. ವರದಿಗಾರರ ಕಣ್ಣು ನಿಲ್ಲುವುದು ಅಲ್ಲೇ. ಬಿಲ್ಲು ಇದೆ ಎಂದಾಗ ಅವರಿಗೆ ಇನ್ನೊಂದು ದಾರಿಯೂ ತೆರೆಯುತ್ತದೆ: ಕೆಲಸ ಮಾಡಿಸಿದ ಇಂಜಿನಿಯರನ್ನು ಕೇಳಬಹುದು. ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ಆದ್ದರಿಂದ "ದುಡ್ಡು ತಿಂದಿದ್ದಾರೆ" ಎಂದು ಮೊದಲೇ ಬರೆಯಬಾರದು. ಗೂಟ ತೋರಿಸುವುದು ನೀರು ಇಳಿದದ್ದನ್ನು. ಯಾರ ತಪ್ಪು ಎಂಬುದನ್ನಲ್ಲ.

ಹೊತ್ತಿನ ವಿಷಯದಲ್ಲಿ ನಮ್ಮವರ ಸೌಜನ್ಯವೇ ಅಡ್ಡಿ. "ನೀವು ಯಾವಾಗ ಬಂದ್ರೂ ಸೈ" ಎಂದುಬಿಡುತ್ತೇವೆ. ಆಗ ದಿನ ಹುಡುಕುವ ಕೆಲಸ ವರದಿಗಾರರ ತಲೆಗೆ ಬೀಳುತ್ತದೆ, ಆ ದಿನ ಬರುವುದೇ ಇಲ್ಲ. ಎರಡು ಮೂರು ಹೊತ್ತು ಹೇಳಿದರೆ ಒಂದನ್ನು ಆರಿಸುವುದು ಸುಲಭ. ತಾಲ್ಲೂಕು ವರದಿಗಾರರಲ್ಲಿ ಹಲವರಿಗೆ ಬೇರೆ ಕಸುಬೂ ಇರುತ್ತದೆ. ಸಂಜೆಯಂತೂ ಜಿಲ್ಲಾ ಪುಟಕ್ಕೆ ಸುದ್ದಿ ಕಳಿಸುವ ಗಡಿಬಿಡಿ. ಆ ಹೊತ್ತಿಗೆ ಫೋನ್ ಮಾಡುವುದು ಒಲೆ ಮೇಲೆ ಹಾಲು ಉಕ್ಕುವಾಗ ಬಾಗಿಲು ಬಡಿದಂತೆ.

ಒಂದೇ ಸಂದೇಶವನ್ನು ನಾಲ್ಕು ಪತ್ರಿಕೆಯವರಿಗೆ ಕಳಿಸಿದ್ದರೆ ಅದನ್ನೂ ಹೇಳಿಬಿಡಬೇಕು. ಅವರೆಲ್ಲ ದಿನಾ ಒಂದೇ ಹೋಟೆಲಿನಲ್ಲಿ ಚಾ ಕುಡಿಯುವವರು.

ಉತ್ತರ ಬಾರದಿದ್ದರೆ ಎರಡು ದಿನ ಬಿಟ್ಟು ಒಂದು ಸಾಲು: "ಸಾರ್, ನೀರು ಇನ್ನೂ ಇಳಿಯುತ್ತಲೇ ಇದೆ. ಶನಿವಾರ ಸೊರಬಕ್ಕೆ ಬರಲೇ?"