‘ಅಡ್ಡಿಲ್ಲ’ ಎಂಬ ಷರಾ

ಸಾಗರ, ಹೊಸನಗರದ ಕಡೆ ಒಬ್ಬರ ಕೆಲಸ ಹೇಗೆ ಎಂದು ವಿಚಾರಿಸಿದರೆ ‘ಅಡ್ಡಿಲ್ಲ’ ಎಂಬ ಉತ್ತರ ಸಿಗುತ್ತದೆ. ಸ್ವಲ್ಪ ತಲೆಯಾಡಿಸಿ ಹೇಳಿದರೆ ಅದು ಹೊಗಳಿಕೆ. ಎಲ್ಲೋ ನೋಡುತ್ತಾ ಹೇಳಿದರೆ ಇನ್ನು ಕೇಳಬೇಡಿ ಎಂದರ್ಥ. ತೀರ್ಥಹಳ್ಳಿಯ ಕಡೆಯವರೂ ಇಂಥ ಮಾತಿನಲ್ಲಿ ಹಿಂದೆ ಬಿದ್ದವರಲ್ಲ. ಎದುರಿಗೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳುವುದು ನಮ್ಮ ಕಡೆ ಒರಟುತನ. ನಾಲ್ಕು ಜನ ನಾಲ್ಕು ದಿನ ಸುತ್ತಿ ಬಳಸಿ ಹೇಳಿದ ಮೇಲೆ, ಕೇಳಿಸಿಕೊಳ್ಳಬೇಕಾದವನಿಗೆ ತಾನಾಗಿ ತಿಳಿಯುತ್ತದೆ ಎಂಬ ನಂಬಿಕೆ.

ಈ ನಂಬಿಕೆಗೆ ಕಷ್ಟ ಬರುವುದು ವರ್ಷಕ್ಕೊಮ್ಮೆ, ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ನೌಕರರ ವಾರ್ಷಿಕ ಕಾರ್ಯನಿರ್ವಹಣಾ ವರದಿ ಬರೆಯುವ ಕಾಲದಲ್ಲಿ. ಹಳಬರು ಇನ್ನೂ ಇದನ್ನು ‘ಸಿ.ಆರ್.’ ಎಂದೇ ಕರೆಯುತ್ತಾರೆ. ಅಖಿಲ ಭಾರತ ಮಟ್ಟದ ಪರೀಕ್ಷೆ ಬರೆದು ಬಿಹಾರದಿಂದಲೋ ರಾಜಸ್ಥಾನದಿಂದಲೋ ಬಂದ ಹುಡುಗ ಮಲೆನಾಡಿನ ಒಂದು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತಿದ್ದಾನೆ ಎಂದುಕೊಳ್ಳಿ. ಅವನ ಕೆಲಸ ಅಳೆಯಬೇಕಾದವರು ಕನ್ನಡದ ಪೋಸ್ಟ್ ಮಾಸ್ತರರು. ಅವರು ಯೋಚಿಸುವುದು ಕನ್ನಡದಲ್ಲಿ. 1976ರ ಅಧಿಕೃತ ಭಾಷಾ ನಿಯಮಗಳಲ್ಲಿ ಕರ್ನಾಟಕ ‘ಗ’ ವಲಯಕ್ಕೆ ಸೇರಿದ್ದರಿಂದ ಇಲ್ಲಿ ವ್ಯವಹಾರ ಹೆಚ್ಚಾಗಿ ಇಂಗ್ಲಿಷಿನಲ್ಲೇ ನಡೆಯುತ್ತದೆ. ಆದರೆ ಅದೇ ನಿಯಮಗಳ ಏಳನೆಯದರ ಪ್ರಕಾರ, ಸೇವೆಗೆ ಸಂಬಂಧಿಸಿದ ಆದೇಶ ಅಥವಾ ನೋಟಿಸು ತನಗೆ ಹಿಂದಿಯಲ್ಲಿ ಬೇಕೆಂದು ನೌಕರ ಕೇಳಿದರೆ ಹಿಂದಿಯಲ್ಲೇ ಕೊಡಬೇಕು. ಇಂಗ್ಲಿಷ್ ಬೇಕೆಂದರೆ ಇಂಗ್ಲಿಷ್. ಕನ್ನಡ ಆ ಆಯ್ಕೆಯಲ್ಲಿಲ್ಲ. ಆ ಜಗಳ ಬೇರೆ, ಇಲ್ಲಿ ಬೇಡ. ಸಣ್ಣ ಕಚೇರಿಗಳಲ್ಲಿ ಅನುವಾದಕರ ಹುದ್ದೆ ಇರುವುದಿಲ್ಲ. ಪ್ರಬೋಧ, ಪ್ರವೀಣ, ಪ್ರಾಜ್ಞ ಎಂದು ಇಲಾಖೆಯ ಹಿಂದಿ ಪರೀಕ್ಷೆಗಳನ್ನು ಪಾಸು ಮಾಡಿದ ಯಾರೋ ಒಬ್ಬರ ಮೇಜಿಗೆ ಷರಾವನ್ನು ಹಿಂದಿಗೆ ತರುವ ಕೆಲಸ ಬಂದು ಬೀಳುತ್ತದೆ.

ಆ ಮೇಜಿನಲ್ಲಿ ಕೂತವರಿಗೆ ಮೊದಲು ತೋಚುವುದು ಒಂದೇ: ಮಾತನ್ನು ಮೆದುಗೊಳಿಸಬೇಕು. ಪಾಪ, ದೂರದಿಂದ ಬಂದ ಹುಡುಗ. ಆದರೆ ಮೆದು ಮಾತು ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ನಮ್ಮ ಸುಪ್ರೀಂ ಕೋರ್ಟಿನಲ್ಲೇ ಒಂದು ಪ್ರಕರಣ ಇದೆ. ಗಡಿ ರಸ್ತೆ ಸಂಸ್ಥೆಯ ಎಂಜಿನಿಯರ್ ದೇವ್ ದತ್ ಅವರ 1993–94ರ ವರದಿಯಲ್ಲಿ ‘ಉತ್ತಮ’ ಎಂದು ಬರೆದಿತ್ತು. ಬೈಗುಳ ಇಲ್ಲ, ದೂರು ಇಲ್ಲ. ಆದರೆ ಬಡ್ತಿಗೆ ಹಿಂದಿನ ಐದೂ ವರ್ಷ ‘ಅತ್ಯುತ್ತಮ’ ಇರಬೇಕಿತ್ತು. ಆ ಒಂದು ‘ಉತ್ತಮ’ದಿಂದ ಬಡ್ತಿ ತಪ್ಪಿತು. ಪ್ರತಿಕೂಲ ಷರಾ ಇದ್ದರೆ ಮಾತ್ರ ತಿಳಿಸುವ ಪದ್ಧತಿ ಆಗ ಇದ್ದುದರಿಂದ, ಒಳ್ಳೆಯ ಮಾತೆಂದು ಅದನ್ನು ಅವರಿಗೆ ತಿಳಿಸಿಯೂ ಇರಲಿಲ್ಲ. 2008ರಲ್ಲಿ ನ್ಯಾಯಾಲಯ ಹೇಳಿದ್ದು: ಷರಾ ಸಿಹಿಯೋ ಕಹಿಯೋ ಎಂಬುದು ಅದರ ಪದದಲ್ಲಿಲ್ಲ, ಅದರ ಪರಿಣಾಮದಲ್ಲಿದೆ, ಆದ್ದರಿಂದ ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸಬೇಕು. 2013ರಲ್ಲಿ ಸುಖದೇವ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನೇ ಎತ್ತಿ ಹಿಡಿಯಿತು. ಈ ನಡುವೆ 2009ರಲ್ಲಿ ಕೇಂದ್ರದ ಸಿಬ್ಬಂದಿ ಇಲಾಖೆ ಇಡೀ ವರದಿಯನ್ನು ನೌಕರನ ಕೈಗೆ ಕೊಡಬೇಕೆಂದೂ, ಆಕ್ಷೇಪ ಇದ್ದರೆ ಬರೆಯಲು ಅವನಿಗೆ 15 ದಿನ ಇರಬೇಕೆಂದೂ ಆದೇಶ ಹೊರಡಿಸಿತು.

ಪದದ ಜೊತೆಗೆ ಈಗ ಅಂಕವೂ ಇದೆ. ಹತ್ತರಲ್ಲಿ ನಾಲ್ಕರಿಂದ ಆರರ ಒಳಗೆ ಬಂದರೆ ‘ಉತ್ತಮ’, ಆರರಿಂದ ಎಂಟರ ಒಳಗೆ ‘ಅತ್ಯುತ್ತಮ’, ಅದರ ಮೇಲೆ ‘ಅಸಾಧಾರಣ’. ಸಾಗರದ ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ರಾಶಿ ಬೇರೆ ಮಾಡುವಾಗ ಗೊರಬಲು ಎಂದರೆ ಯಾರಿಗೂ ಅವಮಾನವಾಗುವುದಿಲ್ಲ. ಅದು ಯಾವ ದರಕ್ಕೆ ಹೋಗುತ್ತದೆ ಎಂದು ತಂದವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ‘ಉತ್ತಮ’ದ ತೊಂದರೆ ಇದರ ತಿರುಗು ಮುರುಗು. ಹೆಸರು ಚೆಂದ, ದರ ಮಾತ್ರ ಯಾರಿಗೂ ಹೇಳಿಲ್ಲ.

ಈಗ ಒಂದು ಷರಾವನ್ನೇ ಬಿಡಿಸಿ ನೋಡೋಣ. ಕಲ್ಪಿತವೇ, ಆದರೆ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಅಪರಿಚಿತವಲ್ಲ. ಪೋಸ್ಟ್ ಮಾಸ್ತರರು ಕರಡಿನಲ್ಲಿ ಬರೆದಿದ್ದಾರೆ: ‘ಈತ ಬೇಜವಾಬ್ದಾರಿ ಹುಡುಗ. ಲೆಕ್ಕ ಯಾವಾಗಲೂ ತಪ್ಪು. ಕೌಂಟರಿಗೆ ಬಂದವರ ಮೇಲೆ ಹರಿಹಾಯುತ್ತಾನೆ.’ ಇದನ್ನು ಹಾಗೇ ಹಿಂದಿಗೆ ಇಳಿಸಿದರೆ ‘ಗೈರ್‌ಜಿಮ್ಮೇದಾರ್’ ಎಂಬ ಪದದ ಆಚೆಗೆ ಹುಡುಗ ಏನನ್ನೂ ಓದುವುದಿಲ್ಲ. ಆ ರಾತ್ರಿಯೇ ಮನವಿ ಬರೆಯಲು ಕೂರುತ್ತಾನೆ. ಮನವಿಯಲ್ಲಿ ಗೆದ್ದರೂ ಗೆಲ್ಲಬಹುದು, ಏಕೆಂದರೆ ಮೇಲಿನ ಮೂರು ವಾಕ್ಯಗಳಲ್ಲಿ ಒಂದು ಘಟನೆಯೂ ಇಲ್ಲ.

ಹಾಗೆಂದು ಕನಿಕರಪಟ್ಟು ‘ಕಾರ್ಯ್ ಮೇಂ ಥೋಡಾ ಔರ್ ಧ್ಯಾನ್ ಅಪೇಕ್ಷಿತ್ ಹೈ’ ಎಂದು ಬರೆದರೆ? ಸರ್ಕಾರಿ ಹಿಂದಿಗೆ ಇಂಥ ವಾಕ್ಯಗಳ ದೊಡ್ಡ ದಾಸ್ತಾನೇ ಇದೆ. ಓದಲು ಹಿತ, ಯಾರ ಬಗ್ಗೆ ಬೇಕಾದರೂ ಬರೆಯಬಹುದು. ಆದರೆ ‘ಯಾವಾಗಲೂ’ ಎಂದು ಇದ್ದದ್ದು ‘ಥೋಡಾ’ ಆಗಿದೆ. ಎಷ್ಟು ಸಲ ತಪ್ಪಿದೆ ಎಂಬುದು ವಾಸ್ತವದ ಸಂಗತಿ, ಅದು ಅನುವಾದಕರ ಜೇಬಿನಿಂದ ಕೊಡುವ ಅಥವಾ ಕಳೆಯುವ ವಸ್ತುವಲ್ಲ. ಪಕ್ಕದ ಕಾಲಂನಲ್ಲಿ ಅಂಕ ನಾಲ್ಕೂವರೆ ಇದ್ದರಂತೂ ಮುಗಿಯಿತು. ಇಷ್ಟು ಸಣ್ಣ ಮಾತಿಗೆ ಇಷ್ಟು ಕಡಿಮೆ ಅಂಕ ಯಾಕೆ ಎಂದು ಹುಡುಗ ಕೇಳುವುದರಲ್ಲಿ ನ್ಯಾಯ ಇದೆ. ಇವರಿಗೆ ನನ್ನ ಊರೇ ಆಗದು ಎಂದು ಅವನು ತೀರ್ಮಾನಿಸಿದರೆ, ಆ ತೀರ್ಮಾನಕ್ಕೆ ದಾರಿ ಮಾಡಿಕೊಟ್ಟದ್ದು ಆ ಮೆದು ವಾಕ್ಯ.

ಹಾಗಾದರೆ ಮಾಡಬೇಕಾದ್ದು ನಿಘಂಟು ತೆರೆಯುವ ಕೆಲಸ ಅಲ್ಲ, ಮಾಸ್ತರರ ಹತ್ತಿರ ಹೋಗಿ ಕೂರುವ ಕೆಲಸ. ಲೆಕ್ಕ ತಪ್ಪು ಎಂದರೆ ಏನು ತಪ್ಪು, ಸಾರ್? ಕೇಳುತ್ತಾ ಹೋದರೆ ಸಂಗತಿ ಹೊರಬರುತ್ತದೆ. ನಗದು ಎಂದೂ ಕಡಿಮೆ ಬಂದಿಲ್ಲ. ಉಳಿತಾಯ ಖಾತೆಯ ವೋಚರುಗಳು ಪ್ರಧಾನ ಅಂಚೆ ಕಚೇರಿಗೆ ಹೋಗುತ್ತವಲ್ಲ, ಅವುಗಳಲ್ಲಿ ಠೇವಣಿದಾರರ ಸಹಿ ಬಿಟ್ಟುಹೋಗಿರುತ್ತದೆ, ಖಾತೆ ಸಂಖ್ಯೆ ಅದಲುಬದಲಾಗಿರುತ್ತದೆ. ಅಲ್ಲಿಯ ನಿಯಂತ್ರಣ ಶಾಖೆಯಿಂದ ಆಕ್ಷೇಪಣೆ ಬರುತ್ತದೆ. ವರ್ಷದಲ್ಲಿ ಹನ್ನೊಂದು ಸಲ ಹಾಗೆ ಬಂದಿದೆ ಎಂದು ಇಟ್ಟುಕೊಳ್ಳಿ. ಆ ಸಹಿಗಾಗಿ ಹಳ್ಳಿಯಿಂದ ಅಜ್ಜಿಯೊಬ್ಬರು ಮತ್ತೆ ಬಸ್ಸು ಹತ್ತಿ ಬರಬೇಕಾಯಿತು, ಮಾಸ್ತರರ ಸಿಟ್ಟು ಅದು. ಹರಿಹಾಯುವುದು ಎಂದರೆ? ಅಜ್ಜಿ ಕನ್ನಡದಲ್ಲಿ ಮೂರು ಸಲ ಕೇಳುತ್ತಾರೆ, ಇವನಿಗೆ ಅರ್ಥವಾಗುವುದಿಲ್ಲ, ಹಿಂದೆ ಸಾಲು ಬೆಳೆಯುತ್ತದೆ, ದನಿ ಏರುತ್ತದೆ.

ನೋಡಿ, ‘ಬೇಜವಾಬ್ದಾರಿ’ ಎಂಬ ಒಂದು ಗುಣವಾಚಕದ ಕೆಳಗೆ ಎರಡು ಬೇರೆ ಬೇರೆ ತೊಂದರೆಗಳು ಮಲಗಿದ್ದವು. ಒಂದು ಗಮನದ್ದು, ಇನ್ನೊಂದು ಭಾಷೆಯದ್ದು. ಮೊದಲನೆಯದಕ್ಕೆ ವೋಚರು ಕಳಿಸುವ ಮುಂಚೆ ಇನ್ನೊಮ್ಮೆ ನೋಡುವ ಅಭ್ಯಾಸ ಬೇಕು, ಎರಡನೆಯದಕ್ಕೆ ಕೌಂಟರಿಗೆ ಬೇಕಾದಷ್ಟು ಕನ್ನಡ ಬೇಕು. ಒರಟುತನ ಇದ್ದದ್ದು ಗುಣವಾಚಕದಲ್ಲಿ, ನಿಜವಾದ ದೂರು ಇದ್ದದ್ದು ಕ್ರಿಯಾಪದದಲ್ಲಿ. ಗುಣವಾಚಕ ತೆಗೆದರೆ ದೂರು ಮೆದುವಾಗುವುದಿಲ್ಲ, ಸ್ಪಷ್ಟವಾಗುತ್ತದೆ. ನನ್ನನ್ನು ಈ ಇಡೀ ವ್ಯವಹಾರದಲ್ಲಿ ಯೋಚನೆಗೆ ಹಚ್ಚಿದ್ದು ಇದೇ. ನಾವು ಕಠೋರ ಎಂದುಕೊಳ್ಳುವ ಮಾತು ಬಹಳ ಸಲ ಸೋಮಾರಿ ಮಾತು. ಏನಾಯಿತು ಎಂದು ಹುಡುಕಿ ಹೇಳುವ ಶ್ರಮ ತಪ್ಪಿಸಿಕೊಳ್ಳಲು ಮನುಷ್ಯನಿಗೇ ಒಂದು ಹೆಸರು ಇಟ್ಟುಬಿಡುತ್ತೇವೆ. ಅತಿ ಮೃದು ಮಾತೂ ಅದೇ ಸೋಮಾರಿತನದ ಇನ್ನೊಂದು ಮುಖ.

ಹಿಂದಿಯ ವ್ಯಾಕರಣ ಇಲ್ಲಿ ಸ್ವಲ್ಪ ಸಹಾಯಕ್ಕೆ ಬರುತ್ತದೆ, ಸ್ವಲ್ಪ ಮೋಸವನ್ನೂ ಮಾಡುತ್ತದೆ. ‘ವಾಉಚರ್ ಅಧೂರೇ ಭೇಜೇ ಗಯೇ’ ಎಂದರೆ ವೋಚರು ಅಪೂರ್ಣವಾಗಿ ಹೋದವು, ಕಳಿಸಿದವರು ಯಾರೋ. ಕನ್ನಡದ ‘ತಡವಾಯಿತು’ ಇದ್ದ ಹಾಗೆ. ‘ಉನ್ಹೋಂನೇ ಗ್ಯಾರಹ್ ಬಾರ್ ಅಧೂರೇ ವಾಉಚರ್ ಭೇಜೇ’ ಎಂದರೆ ಕಳಿಸಿದವರು ಎದುರಿಗೆ ನಿಲ್ಲುತ್ತಾರೆ. ಆದರೆ ‘ಉನ್ಹೋಂನೇ’ ಬಹುವಚನ, ಗೌರವದ್ದು. ಮರ್ಯಾದೆ ಸರ್ವನಾಮದಲ್ಲಿ ಉಳಿಯಿತು, ಹೊಣೆ ‘ನೇ’ಯಲ್ಲಿ ಉಳಿಯಿತು. ನಮ್ಮ ಮಾಸ್ತರರು ‘ಹುಡುಗ’, ‘ಈತ’ ಎಂದು ಏಕವಚನದಲ್ಲಿ ಬರೆದದ್ದರಲ್ಲಿ ಮಲೆನಾಡಿನ ಸಲಿಗೆಯೂ ಇದ್ದೀತು. ಹಿಂದಿಯ ಕಡತದಲ್ಲಿ ಅದು ‘ಲಡಕಾ’ ಆದರೆ ಸಲಿಗೆ ಕಳಚಿ ಬರೀ ತಿರಸ್ಕಾರ ಉಳಿಯುತ್ತದೆ. ಮೆದು ಮಾಡಬೇಕಾದ ಜಾಗ ಅದು.

ಮೆದು ಮಾಡಬಾರದ ಜಾಗವೂ ಒಂದಿದೆ, ಪ್ರಾಮಾಣಿಕತೆಯ ಕಾಲಂ. ಸಂಶಯ ಇದ್ದರೆ ಅಲ್ಲಿ ಏನೂ ಬರೆಯದೆ ಖಾಲಿ ಬಿಟ್ಟು, ಬೇರೆಯಾಗಿ ಗೋಪ್ಯ ಟಿಪ್ಪಣಿ ಕಳಿಸಬೇಕೆಂದು ಸೂಚನೆ ಇದೆ. ಕನ್ನಡದ ‘ಅನುಮಾನ’ವನ್ನು ಅಲ್ಲಿ ಹಿಂದಿಯ ‘ಅನುಮಾನ್’ ಮಾಡಿದರೆ ಅದು ಅಂದಾಜು ಎಂದಾಗುತ್ತದೆ. ಅನುವಾದಕರು ಕೈಯಾಡಿಸಬೇಕಾದ ಸ್ಥಳವೇ ಅಲ್ಲ ಅದು.

ಬರೆದಾದ ಮೇಲೆ ಹಿಂದಿ ವಾಕ್ಯವನ್ನು ಬಾಯಲ್ಲೇ ಕನ್ನಡಕ್ಕೆ ತಿರುಗಿಸಿ ಮಾಸ್ತರರಿಗೆ ಕೇಳಿಸಬೇಕು. ‘ಇವರು ವರ್ಷದಲ್ಲಿ ಹನ್ನೊಂದು ಸಲ ಅಪೂರ್ಣ ವೋಚರು ಕಳಿಸಿದ್ದಾರೆ, ಇದರಿಂದ ಗ್ರಾಹಕರು ಮತ್ತೆ ಬರಬೇಕಾಗಿದೆ. ನಗದು ವ್ಯವಹಾರ ಸರಿಯಾಗಿದೆ. ಕನ್ನಡ ಬಾರದ್ದರಿಂದ ಕೌಂಟರಿನಲ್ಲಿ ಕೆಲವು ಸಲ ತಾಳ್ಮೆ ಕಳೆದುಕೊಂಡಿದ್ದಾರೆ.’ ಹೌದು, ನನ್ನ ದೂರು ಇದೇ ಎಂದು ಅವರು ಒಪ್ಪಬೇಕು. ಸಹಿ ಅವರದ್ದು. ಅವರಿಗೆ ಹೇಳದೆ ಮೆದು ಮಾಡಿದರೆ ಅದು ದಯೆಯಲ್ಲ, ಇನ್ನೊಬ್ಬರ ಸಹಿಯ ಮೇಲೆ ನಮ್ಮ ಮಾತು ಬರೆದಂತೆ. ಇನ್ನೊಂದು ಪರೀಕ್ಷೆ ಹುಡುಗನ ಕಡೆಯಿಂದ: ಇದನ್ನು ಓದಿ ಸೋಮವಾರ ಬೆಳಿಗ್ಗೆ ಕೌಂಟರಿನಲ್ಲಿ ಏನು ಬೇರೆ ಮಾಡಬೇಕೆಂದು ಅವನಿಗೆ ತಿಳಿಯುತ್ತದೆಯೇ?

ಇಷ್ಟೆಲ್ಲ ಮಾಡಿದರೂ ಒಂದು ತೊಡಕು ಉಳಿಯುತ್ತದೆ, ಅದು ಭಾಷೆಯದ್ದಲ್ಲ. ವರ್ಗಾವಣೆ ಕೇಳಿರುವ ನೌಕರನ ಬಗ್ಗೆ ಮೇಲಧಿಕಾರಿಗಳು ಬೇಕೆಂದೇ ಚೆಂದದ ಷರಾ ಬರೆಯುವುದುಂಟು. ಹೋಗುವವನು ನೆಮ್ಮದಿಯಾಗಿ ಹೋಗಲಿ, ನಮಗೂ ತಲೆನೋವು ತಪ್ಪಲಿ. ಸಾಗರದಲ್ಲಿ ‘ಅಡ್ಡಿಲ್ಲ’ ಎನಿಸಿಕೊಂಡವನು ಹೊಸನಗರಕ್ಕೆ ಬರುತ್ತಾನೆ, ಅಲ್ಲಿಂದ ತೀರ್ಥಹಳ್ಳಿಗೆ. ಮೂರು ಕಡೆಯೂ ಅದೇ ಸಹಿ ಬಿಟ್ಟ ವೋಚರು, ಮೂರು ಕಡೆಯೂ ಬಸ್ಸು ಹತ್ತಿ ಮತ್ತೆ ಬರುವ ಅಜ್ಜಿಯರು, ಕಡತದಲ್ಲಿ ಮೂರು ವರ್ಷ ನಿರ್ಮಲವಾದ ಹಿಂದಿ. ನಾಲ್ಕನೆಯ ವರ್ಷ ಯಾರೋ ಒಬ್ಬರು ಇದ್ದದ್ದನ್ನು ಇದ್ದ ಹಾಗೆ ಬರೆದಾಗ ಹುಡುಗ ಹಿಂದಿನ ಮೂರು ವರದಿಗಳನ್ನು ಲಗತ್ತಿಸಿ ಮನವಿ ಸಲ್ಲಿಸುತ್ತಾನೆ: ಇಷ್ಟು ವರ್ಷ ಯಾರೂ ನನಗೆ ಹೀಗೆ ಹೇಳಿರಲಿಲ್ಲ. ಅವನು ಹೇಳುವುದು ನಿಜ.