ಬಿಟ್ಟು ಬರಬೇಕಾದವರು ಯಾರು?

ನಮ್ಮ ಕಡೆಯ ಮದುವೆಗಳಲ್ಲಿ ಕಣ್ಣೀರಿಟ್ಟು ಮನೆ ಬಿಡುವವಳು ಹೆಣ್ಣು. ಗಂಡು ಅದೇ ಮನೆಯಲ್ಲಿ, ಅದೇ ಅಮ್ಮನ ಅಡುಗೆಯಲ್ಲಿ ಉಳಿಯುತ್ತಾನೆ. ಹಳೆಯ ಇಸ್ರಯೇಲಿನಲ್ಲೂ ಸಾಮಾನ್ಯವಾಗಿ ವಧುವೇ ಗಂಡನ ಮನೆಗೆ ಹೋಗುತ್ತಿದ್ದಳು. ಆದರೂ ಆದಿಕಾಂಡದ ಎರಡನೆಯ ಅಧ್ಯಾಯ ತಂದೆತಾಯಿಯನ್ನು ಬಿಡುವ ಮಾತನ್ನು ಹೇಳುವುದು ಗಂಡಿನ ಬಗ್ಗೆ. ಮನೆಯಲ್ಲೇ ಉಳಿದವನು ಬಿಡಬೇಕಾದದ್ದು ಏನನ್ನು?

ಗಂಡಹೆಂಡತಿಯಾದ ನಮಗೆ ಇದು ತಿಳಿಯಲು ವರ್ಷಗಳೇ ಹಿಡಿದವು. ಹೊಸೂರಿನ ಕಾರ್ಖಾನೆಯಲ್ಲಿ ನಮ್ಮಲ್ಲೊಬ್ಬರಿಗೆ ಕೆಲಸ ಕಾಯಂ ಆದ ದಿನ ಸುದ್ದಿ ಮೊದಲು ಹೋದದ್ದು ಅಮ್ಮನಿಗೆ. ಇನ್ನೊಬ್ಬರಿಗೆ ಅದು ಗೊತ್ತಾದದ್ದು ಸಂಜೆ ಪಾತ್ರೆ ತೊಳೆಯುವಾಗ, ಅತ್ತೆಯ ಬಾಯಿಂದ. ಸಂಬಳವೂ ಅಮ್ಮನ ಕೈಗೇ ಹೋಗುತ್ತಿತ್ತು, ನಿಜ. ಆದರೆ ನೋವಾದದ್ದು ದುಡ್ಡಿಗಲ್ಲ, ಎರಡನೆಯವಳಾಗಿ ಕೇಳಿಸಿಕೊಂಡದ್ದಕ್ಕೆ.

"ನಾನೋ, ನಿಮ್ಮಮ್ಮನೋ ಹೇಳಿಬಿಡಿ" ಎಂಬ ಜಗಳವೂ ಆಯಿತು. ಅದರಿಂದ ಮೂರು ದಿನ ಮೌನ ಬಿಟ್ಟು ಬೇರೇನೂ ಸಿಗಲಿಲ್ಲ. ವಿಧವೆ ತಾಯಿಯನ್ನು ಆರಿಸಬೇಡ ಎಂದರೆ ಯಾವ ಮಗ ತಾನೆ ಒಪ್ಪುತ್ತಾನೆ? ಅದಕ್ಕಿಂತ ಕೆಟ್ಟದ್ದು ಮುಂದಿನ ಪ್ರಯತ್ನ. ಅಮ್ಮನ ಬಳಿ ಹೋಗಿ, "ಅವಳಿಗೆ ಇಷ್ಟವಿಲ್ಲಮ್ಮ" ಎಂದದ್ದು. ಮಗ ಒಳ್ಳೆಯವನಾಗಿಯೇ ಉಳಿದ, ಸೊಸೆ ಮನೆ ಒಡೆಯುವವಳಾದಳು.

ಪೋಪ್ ಫ್ರಾನ್ಸಿಸರು 2016ರಲ್ಲಿ ಕುಟುಂಬದ ಕುರಿತು ಬರೆದ 'ಅಮೋರಿಸ್ ಲೆತೀಸಿಯ' ಪತ್ರದಲ್ಲಿ ಇದೇ ಸಂಗತಿ ಬರುತ್ತದೆ. ಸಂಗಾತಿಯಿಂದ ಮುಚ್ಚಿಟ್ಟದ್ದನ್ನು ತಂದೆತಾಯಿಗೆ ಹೇಳಿಕೊಳ್ಳುವವರಿದ್ದಾರೆ, ಆಗ ಸಂಗಾತಿಯ ಮನಸ್ಸಿಗಿಂತ ಹೆತ್ತವರ ಅಭಿಪ್ರಾಯವೇ ದೊಡ್ಡದಾಗುತ್ತದೆ ಎನ್ನುತ್ತಾರೆ ಅವರು. ಹೆತ್ತವರನ್ನು ಕೈಬಿಡಬಾರದು ಎಂದೂ ಅಲ್ಲೇ ಹೇಳುತ್ತಾರೆ. ದೇವರಿಗೆ ಮುಡಿಪು ಎಂಬ ನೆಪ ಹೇಳಿ ತಂದೆತಾಯಿಗೆ ಸಹಾಯ ತಪ್ಪಿಸಿದವರನ್ನು ಯೇಸು ಗದರಿದ್ದು ಮಾರ್ಕನ ಶುಭಸಂದೇಶದಲ್ಲಿದೆ. ಹಾಗಾದರೆ ಬಿಡಬೇಕಾದದ್ದು ತಾಯಿಯ ಸೇವೆಯನ್ನಲ್ಲ, ಮನಸ್ಸು ಮೊದಲು ಅಲ್ಲಿಗೆ ಓಡುವ ಅಭ್ಯಾಸವನ್ನು.

ನಾವು ಮಾಡಿದ್ದು ದೊಡ್ಡದೇನಲ್ಲ. ಸುದ್ದಿ ಯಾವುದೇ ಇರಲಿ, ಮೊದಲು ನಮ್ಮಿಬ್ಬರಲ್ಲಿ. ಅದಕ್ಕಾಗಿ ರಾತ್ರಿ ಜಪಸರದ ನಂತರ ಹತ್ತು ನಿಮಿಷ ಅಂಗಳದಲ್ಲಿ ಕೂರುತ್ತೇವೆ. ತೀರ್ಮಾನವನ್ನು ಅಮ್ಮನಿಗೆ ಹೇಳುವವನು ಮಗನೇ. ಹೇಳುವಾಗ "ಅವಳು" ಎನ್ನುವಂತಿಲ್ಲ, "ನಾವು" ಎನ್ನಬೇಕು. ಮೊದಲ ಸಲ ಹಾಗೆ ಹೇಳಿದಾಗ ಅಮ್ಮ ಊಟ ಬಿಟ್ಟು ಮಲಗಿದರು. ಮಗ ಬೈಗುಳ ಕೇಳಿಸಿಕೊಂಡ, ಮಾತು ಬದಲಿಸಲಿಲ್ಲ.

ಅಮ್ಮನ ಭಯವೂ ಸುಳ್ಳಲ್ಲ. ಮಗನ ಸುದ್ದಿಯೇ ಅವರ ಬದುಕಾಗಿತ್ತು, ಅದು ನಿಂತರೆ ತಾವು ಯಾರಿಗೂ ಬೇಡವಾದೆವೇನೋ ಎಂಬ ಕಳವಳ. ಆದ್ದರಿಂದ ಮಾತ್ರೆಯ ಖರ್ಚು, ಕೈಖರ್ಚು ತಿಂಗಳ ಮೊದಲೇ ಕೊಡುತ್ತೇವೆ, ಕೇಳುವ ತನಕ ಕಾಯುವುದಿಲ್ಲ. ಭಾನುವಾರ ಬಲಿಪೂಜೆ ಮುಗಿದ ಮೇಲೆ ತಾಯಿಮಗ ಇಬ್ಬರೇ ಅಪ್ಪನ ಸಮಾಧಿಗೆ ಹೋಗಿಬರುತ್ತಾರೆ. ಆ ಹೊತ್ತಿನ ಮಾತು ಅವರದು, ನಮ್ಮಲ್ಲಿ ಯಾರೂ ವಿಚಾರಿಸುವುದಿಲ್ಲ.

ಈಗಲೂ ಕೆಲವೊಮ್ಮೆ ಸುದ್ದಿ ಅಮ್ಮನಿಗೆ ಮೊದಲು ಹೋಗಿಬಿಡುತ್ತದೆ. ಕಳೆದ ತಿಂಗಳು ಅಮ್ಮನೇ ಅರ್ಧಕ್ಕೆ ತಡೆದು, "ಮೊದಲು ಅವಳಿಗೆ ಹೇಳಿದ್ದೀಯೇನೋ?" ಎಂದು ಕೇಳಿದರು.